ಸಹಾಯ ಬೇಕು: ಸಲೂನ್ ಬಿಡುವ ಪತ್ರ ಹೀಗಿದ್ದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಲೂನ್‌ನಲ್ಲಿ ಹೇರ್ ಸ್ಟೈಲಿಸ್ಟ್. ಶಹಾಪುರದಲ್ಲಿ ನನ್ನದೇ ಸಣ್ಣ ಸ್ಟುಡಿಯೋ ಶುರು ಮಾಡುತ್ತಿದ್ದೇನೆ. ಮಾಲೀಕರಿಗೆ ಕೊಡಲು ಬರೆದ ಪತ್ರ ಇದು:

"ಮೇಡಂ, ನಮಸ್ಕಾರ. ಸ್ವಂತ ಸ್ಟುಡಿಯೋ ಶುರು ಮಾಡಲು ಕೆಲಸ ಬಿಡುತ್ತಿದ್ದೇನೆ. ಒಂದು ತಿಂಗಳ ನೋಟಿಸ್ ಪ್ರಕಾರ ಅಕ್ಟೋಬರ್ 31 ನನ್ನ ಕೊನೆಯ ದಿನ. ನನಗೆ ಕಲರ್ ಕೆಲಸ ಕಲಿಸಿದವರು ನೀವು. ಗ್ರಾಹಕರ ಮುಂದೆ ಒಮ್ಮೆಯೂ ದನಿ ಏರಿಸದೆ, ಪಕ್ಕಕ್ಕೆ ಕರೆದು ತಿದ್ದಿದಿರಿ. ಅದನ್ನು ಮರೆಯುವುದಿಲ್ಲ. ನನ್ನ ಗ್ರಾಹಕರ ಕಾರ್ಡ್‌ಗಳಲ್ಲಿ ಶೇಡ್ ನಂಬರ್, ಡೆವಲಪರ್ ವಾಲ್ಯೂಮ್, ಇಟ್ಟ ನಿಮಿಷ, ಪ್ಯಾಚ್ ಟೆಸ್ಟ್ ಫಲಿತಾಂಶ ಎಲ್ಲ ಬರೆದು ಒಪ್ಪಿಸುತ್ತೇನೆ. ಗ್ರಾಹಕರ ಫೋನ್ ನಂಬರ್ ಪಟ್ಟಿ ಸಲೂನ್‌ನಲ್ಲೇ ಇರುತ್ತದೆ."

ಇದರ ಎರಡು ಪ್ರತಿ ಮಾಡಿ, ಒಂದರ ಮೇಲೆ ಅವರ ಸಹಿ, ತಾರೀಖು ಹಾಕಿಸಿಕೊಳ್ಳುತ್ತೇನೆ. ನೋಟಿಸ್ ಎಂದಿನಿಂದ ಅಂತ ಆಮೇಲೆ ಮಾತು ಬರಬಾರದು, ಅಲ್ವಾ?

ತಲೆನೋವು ಮದುಮಕ್ಕಳದ್ದು. ತುಳಸಿ ಲಗ್ನ ಮುಗಿದ ಮೇಲಿನ ಮದುವೆಗಳಿಗೆ ಸಲೂನ್ ಈಗಲೇ ಅಡ್ವಾನ್ಸ್ ತೆಗೆದುಕೊಂಡಿದೆ. ಕೆಲವರು ನಾನೇ ಬೇಕು ಅನ್ನುತ್ತಾರೆ. ಆ ಬುಕಿಂಗ್ ಸಲೂನಿನದು ಅಂತಲೇ ನನ್ನ ಲೆಕ್ಕ. ಬಿಲ್ ಅವರೇ ಮಾಡಲಿ, ನಾನು ಆ ದಿನದ ಕೂಲಿಗೆ ಬಂದು ಹೋಗುತ್ತೇನೆ. ಇಲ್ಲದಿದ್ದರೆ ಟ್ರಯಲ್ ಈಗಲೇ ಮಾಡಿ, ಹೇರ್‌ಸ್ಟೈಲ್ ಫೋಟೋ ಸಮೇತ ಇನ್ನೊಬ್ಬಳಿಗೆ ತೋರಿಸಿಕೊಡುತ್ತೇನೆ. ಇದನ್ನು ಪತ್ರದಲ್ಲೇ ಬರೆಯಲಾ, ಎದುರು ಕೂತು ಮಾತಾಡಲಾ? ಶಹಾಪುರ ಅಂತ ಜಾಗದ ಹೆಸರೂ ಹಾಕಲಾ? ಬೇರೆಯವರ ಬಾಯಿಂದ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ. ಸಲೂನ್ ನಡೆಸುವವರು ಯಾರಾದರೂ ಇದ್ದರೆ ಹೇಳಿ.