‘ನೈಸರ್ಗಿಕ ಏಕಸ್ವಾಮ್ಯ’ ಅಂದರೆ ನೀರಿನದ್ದು ಮಾತ್ರವೇ?

ನಮಸ್ಕಾರ. ಬೆಳಗಾವಿಯಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ‘ನೈಸರ್ಗಿಕ ಏಕಸ್ವಾಮ್ಯ’ ಎಂದ ಕೂಡಲೇ ಮಕ್ಕಳು ‘ನೀರು ನಿಸರ್ಗದ್ದು, ಅದಕ್ಕೇ’ ಅನ್ನುತ್ತಾರೆ. ಹಾಗಾದರೆ ಕರೆಂಟು? ಬೇರೆ ಪದ ಇದ್ದರೆ ಹೇಳಿ.

ವಿಜಯಪುರದಿಂದ:
ಒಬ್ಬರಿಗೇ ಲೈಸೆನ್ಸ್ ಕೊಟ್ಟಿರುತ್ತಾರೆ, ಹೀಗಾಗಿ ಪೈಪೋಟಿ ಇಲ್ಲ. ‘ಸರ್ಕಾರಿ ಏಕಸ್ವಾಮ್ಯ’ ಅಂದರೆ ಸಾಕಲ್ವಾ ಸರ್?

ಬಾಗಲಕೋಟೆಯಿಂದ (ಲೈನ್ ಕೆಲಸದಲ್ಲಿದ್ದು ನಿವೃತ್ತನಾದವನು):
ಲೈಸೆನ್ಸ್ ಆಮೇಲಿನ ಮಾತು ರೀ. 2003ರ ವಿದ್ಯುತ್ ಕಾಯ್ದೆ ಒಂದೇ ಊರಿಗೆ ಎರಡನೇ ಕಂಪನಿಯನ್ನೂ ಬಿಡುತ್ತದೆ, ಆದರೆ ಸ್ವಂತ ತಂತಿ ಎಳೆಯಬೇಕು. ಅಲ್ಲೇ ಎಲ್ಲರೂ ಹಿಂದೆ ಸರಿಯೋದು.

ನೂರು ಮನೆಯ ಓಣಿಗೆ ನೀರಿನ ಪೈಪಿಗೆ 10 ಲಕ್ಷ ಬಿತ್ತು ಅಂದುಕೊಳ್ಳಿ. ಮನೆಗೆ 10 ಸಾವಿರ. ಇನ್ನೊಬ್ಬರು ಬಂದು ಪಕ್ಕದಲ್ಲೇ ಅಗೆದು ಮತ್ತೆ 10 ಲಕ್ಷ ಹಾಕಿದರು, ಇಬ್ಬರಿಗೂ ಐವತ್ತೈವತ್ತು ಮನೆ ಸಿಕ್ಕವು. ಈಗ ಮನೆಗೆ 20 ಸಾವಿರ! ಪೈಪೋಟಿ ಬಂದು ನೀರು ತುಟ್ಟಿಯಾಯಿತು. ಒಬ್ಬರೇ ಇದ್ದರೆ ಅಗ್ಗ, ‘ನೈಸರ್ಗಿಕ’ ಅನ್ನೋದು ಇದಕ್ಕೇ. ಆದರೆ ಒಬ್ಬರೇ ಇದ್ದರೆ ಬಾಯಿಗೆ ಬಂದ ದರ ಹೇಳಬಹುದು. ಅದಕ್ಕೇ ದರಕ್ಕೆ ಕಾವಲು.

ಕರೆಂಟಿನಲ್ಲೂ ಈ ಮಾತು ತಂತಿಗಷ್ಟೇ. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳೇ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡಿ ಮಾರುತ್ತವೆ. ಮಾಡುವವರು ಎಷ್ಟು ಜನ ಬೇಕಾದರೂ ಇರಬಹುದು. ಮುಂಬೈಯಲ್ಲಿ ಗಿರಾಕಿ ಕಂಪನಿ ಬದಲಿಸಿ, ಹಳೆಯ ಕಂಪನಿಯ ತಂತಿಯಲ್ಲೇ ಹೊಸಬರ ಕರೆಂಟು ತೆಗೆದುಕೊಳ್ಳುವ ಏರ್ಪಾಡೂ ಇದೆ. ತಂತಿಗೆ ಬಾಡಿಗೆ ಕಟ್ಟಬೇಕು, ಅಷ್ಟೇ.

ಜಮಖಂಡಿಯಿಂದ:
ಪದ ಏನಾದರೂ ಇರಲಿ. ನಮ್ಮ ಹಳೇ ಮನೆಗೆ ಬೀಗ ಹಾಕಿದೆ, ಒಂದು ಯೂನಿಟ್ ಉರಿದಿಲ್ಲ, ಆದರೂ ನಿಗದಿತ ಶುಲ್ಕ ಅಂತ ಬಿಲ್ ಬರುತ್ತದೆ. ಇದು ಸುಲಿಗೆ ಅಲ್ವಾ?

ಬಾಗಲಕೋಟೆಯಿಂದ:
ನೀವು ಬೀಗ ಹಾಕಿದರೂ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಅಲ್ಲೇ ನಿಂತಿರುತ್ತವಲ್ಲ ಅಕ್ಕಾವ್ರೇ. ಅದರ ಖರ್ಚು ಯೂನಿಟ್ ಲೆಕ್ಕದ ಮೇಲಿಲ್ಲ. ಇನ್ನೊಂದು ಯೂನಿಟ್ ಕೊಡಲು ತಗಲುವಷ್ಟೇ ದರ ಹಾಕಿದರೆ ತಂತಿಯ ಸಾಲ ತೀರೋದಿಲ್ಲ. ಹಾಗಾಗಿ ಬಿಲ್ಲಿನಲ್ಲಿ ಎರಡು ಭಾಗ. ಎಷ್ಟು ಅನ್ನುವುದನ್ನು ನಮ್ಮ ಕಡೆ ಕರೆಂಟು ಕೊಡುವ ಹೆಸ್ಕಾಂ ತಾನೇ ಹೇಳುವಂತಿಲ್ಲ. ಖರ್ಚಿನ ಲೆಕ್ಕವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಮುಂದೆ ಇಡಬೇಕು, ಅಲ್ಲಿ ಜನರ ತಕರಾರು ಕೇಳಿ ದರ ಗೊತ್ತುಮಾಡುತ್ತಾರೆ. ನೀವೂ ತಕರಾರು ಬರೆದುಕೊಡಬಹುದು.

ವಿಜಯಪುರದಿಂದ:
ತೋರಿಸಿದ ಖರ್ಚೆಲ್ಲ ದರದಲ್ಲಿ ಸಿಗುವುದಾದರೆ ಖರ್ಚು ಇಳಿಸುವವರು ಯಾರು?

ಬಾಗಲಕೋಟೆಯಿಂದ:
ಒಳ್ಳೆ ಪ್ರಶ್ನೆ. ಎಲ್ಲ ಖರ್ಚನ್ನೂ ಒಪ್ಪುವುದಿಲ್ಲ. ದಾರಿಯಲ್ಲಿ ಸೋರುವ ಕರೆಂಟಿಗೂ ಮಿತಿ ಹಾಕಿರುತ್ತಾರೆ, ಅದನ್ನು ಮೀರಿದ್ದನ್ನು ಗಿರಾಕಿಯ ಮೇಲೆ ಹೊರಿಸುವಂತಿಲ್ಲ. ಆದರೆ ಲೆಕ್ಕ ಕೊಡುವುದು ಕಂಪನಿಯೇ. ಒಳಗಿನ ಸಂಗತಿ ಅವರಿಗೇ ಜಾಸ್ತಿ ಗೊತ್ತು. ಆ ತೊಡಕು ಉಳಿದೇ ಇದೆ. ನೀರಿನ ದರವಂತೂ ಕೆಇಆರ್‌ಸಿಗೆ ಬರುವುದೇ ಇಲ್ಲ.

ಪದಕ್ಕೆ ಬಂದರೆ, ‘ಸಹಜ ಏಕಸ್ವಾಮ್ಯ’ ನನಗೆ ಒಗ್ಗುತ್ತದೆ.

ಬೆಳಗಾವಿಯಿಂದ:
ಓಣಿಯ ಲೆಕ್ಕ ನಾಳೆಯೇ ಬೋರ್ಡಿನ ಮೇಲೆ ಬರೆಯುತ್ತೇನೆ. ‘ಸಹಜ’ ಅಂದರೆ ಮಕ್ಕಳು ‘ಇದೆಲ್ಲ ಮಾಮೂಲು’ ಅಂದುಕೊಳ್ಳುತ್ತಾರೇನೋ. ‘ಒಂಟಿ ಜಾಲ’ ಹೇಗೆ?