166ಕ್ಕೆ 198 ಹೇಗೆ?

"ದೊಡ್ಡಪ್ಪ, 2008ರಲ್ಲಿ ಬೆಂಗಳೂರಿನಲ್ಲಿ ಭಾರತ 22 ಓವರಿನಲ್ಲಿ 166 ಹೊಡೆಯಿತಂತೆ. ಇಂಗ್ಲೆಂಡಿಗೂ ಅಷ್ಟೇ ಓವರು, ಆದರೆ ಗುರಿ 198! ಇದು ಯಾವ ನ್ಯಾಯ?"

ಮಗಾ, ಟೈಪ್ ಮಾಡುವುದಕ್ಕೆ ಉದ್ದವಾಗುತ್ತದೆಂದು ಮಾತಿನಲ್ಲೇ ಹೇಳುತ್ತಿದ್ದೇನೆ.

ಮಳೆಯಿಂದ ಓವರು ಕಡಿತವಾದಾಗ ಗುರಿಯನ್ನು ಹೊಸದಾಗಿ ನಿಗದಿಮಾಡುವ ಡಕ್‌ವರ್ತ್-ಲೂಯಿಸ್ ಲೆಕ್ಕದಲ್ಲಿ ತಂಡದ ಬಂಡವಾಳವೆಂದರೆ ಉಳಿದ ಓವರು ಮತ್ತು ಕೈಯಲ್ಲಿರುವ ವಿಕೆಟ್, ಎರಡೂ ಸೇರಿ. 50 ಓವರು, ಹತ್ತು ವಿಕೆಟ್ ಇದ್ದರೆ ಅದು ನೂರು ಪಾಲು. ಓವರು 25ಕ್ಕೆ ಇಳಿದರೂ ಹತ್ತು ವಿಕೆಟ್ ಇದ್ದರೆ ಬಂಡವಾಳ ಐವತ್ತಕ್ಕೆ ಇಳಿಯುವುದಿಲ್ಲ. ಅಚ್ಚಾದ ಕೋಷ್ಟಕದ ಪ್ರಕಾರ 66.5 ಪಾಲು ಉಳಿಯುತ್ತದೆ, ಏಕೆಂದರೆ ಓವರು ಕಡಿಮೆಯಾದಾಗ ವಿಕೆಟ್ ಉಳಿಸಿಕೊಳ್ಳುವ ಚಿಂತೆಯಿಲ್ಲದೆ ಬೀಸಬಹುದು. ಹಾಗಾಗಿ ಮೊದಲ ತಂಡ ಪೂರ್ತಿ 50 ಓವರು ಆಡಿ 250 ಮಾಡಿ, ಎರಡನೆಯವರಿಗೆ ಆರಂಭದಲ್ಲೇ 25 ಓವರು ಎಂದಾದರೆ, 250ರ 66.5 ಪಾಲು 166.25, ಗುರಿ 167. ನಮ್ಮ ಬದಿಯಡ್ಕದ ಕಡೆಯ ಮೈದಾನಗಳಲ್ಲಿ ಮಾಡುವಂತೆ ಬರೀ ಸರಾಸರಿ ತೆಗೆದರೆ 126 ಆಗುತ್ತಿತ್ತು, ಅದು ಬೆನ್ನಟ್ಟುವವರಿಗೆ ಉಡುಗೊರೆಯೇ ಸರಿ.

ವಿಕೆಟ್ ಹೋದಂತೆ ಇದೇ ಬಂಡವಾಳ ಕರಗುತ್ತದೆ. 20 ಓವರು ಬಾಕಿಯಿರುವಾಗ ಎರಡು ವಿಕೆಟ್ ಹೋಗಿದ್ದರೆ 52.4 ಪಾಲು ಉಳಿದಿರುತ್ತದೆ, ಏಳು ಹೋಗಿದ್ದರೆ 21.2 ಮಾತ್ರ.

ಈಗ ಬೆಂಗಳೂರಿಗೆ ಬರೋಣ. ಭಾರತ ದೀರ್ಘ ಇನ್ನಿಂಗ್ಸಿನ ಲೆಕ್ಕದಲ್ಲಿ ಆಟ ಶುರುಮಾಡಿತ್ತು; ನಡುವೆ ಮಳೆ ಬಂದು ಅದು 22 ಓವರಿಗೆ ಮೊಟಕಾಯಿತು. ಇನ್ನಿಂಗ್ಸ್ ಮುಗಿದಾಗ ನಾಲ್ಕೇ ವಿಕೆಟ್ ಬಿದ್ದಿದ್ದವು, ಉಳಿದ ಆರನ್ನು ಬಳಸುವ ಅವಕಾಶವೇ ಸಿಗಲಿಲ್ಲ. ಇಂಗ್ಲೆಂಡಿಗಾದರೋ 22 ಓವರೆಂದು ಮೊದಲ ಚೆಂಡಿನಿಂದಲೇ ಗೊತ್ತಿತ್ತು, ಹತ್ತು ವಿಕೆಟನ್ನೂ ಅಷ್ಟರೊಳಗೆ ಖರ್ಚು ಮಾಡಬಹುದಿತ್ತು. ಅವರಿಗೆ ಸಿಕ್ಕ ಬಂಡವಾಳ ಹೆಚ್ಚಿತ್ತಾದ್ದರಿಂದ ಆ ಹೆಚ್ಚುವರಿಯ ಬೆಲೆಯನ್ನು ರನ್ನಿನಲ್ಲಿ ಕೂಡಿಸಿದರು. ಇಂಗ್ಲೆಂಡ್ ಎಂಟು ವಿಕೆಟಿಗೆ 178 ಮಾಡಿ 19 ರನ್ನಿನಿಂದ ಸೋತಿತು. ನನ್ನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಆದರೆ ಕೋಷ್ಟಕ ಹಿಡಿದು ತಾಳೆ ನೋಡಲು ಹೋಗಬೇಡ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಕಂಪ್ಯೂಟರಿನಲ್ಲಿ ನಡೆಯುವ ಲೆಕ್ಕ ಬೇರೆ, ಉತ್ತರ ಸ್ವಲ್ಪ ಆಚೀಚೆಯಾಗುತ್ತದೆ.

ಟಿವಿಯಲ್ಲಿ 'ಪಾರ್ ಸ್ಕೋರ್' ಎಂದು ತೋರಿಸುವುದು ಗುರಿಯಲ್ಲ, ಆ ಕ್ಷಣಕ್ಕೆ ಆಟ ನಿಂತರೆ ಎರಡೂ ತಂಡ ಸಮ ಎನಿಸುವ ಮೊತ್ತ. ಬೆನ್ನಟ್ಟುವವರ ಒಂದು ವಿಕೆಟ್ ಬಿದ್ದರೆ ಅದು ತಕ್ಷಣ ಏರುತ್ತದೆ. ಗೆಲ್ಲಲು ಅದಕ್ಕಿಂತ ಒಂದು ರನ್ನಾದರೂ ಹೆಚ್ಚು ಬೇಕು. 2003ರ ವಿಶ್ವಕಪ್ಪಿನಲ್ಲಿ ಡರ್ಬನ್ನಿನಲ್ಲಿ ಶ್ರೀಲಂಕಾದ 268ನ್ನು ಬೆನ್ನಟ್ಟುತ್ತಿದ್ದ ದಕ್ಷಿಣ ಆಫ್ರಿಕಾ ಮಳೆಯ ನಡುವೆ ಗೆಲ್ಲಲು 229 ಸಾಕೆಂದು ತಪ್ಪು ತಿಳಿದಿತ್ತು. ಮಾರ್ಕ್ ಬೌಚರ್ ಸಿಕ್ಸರ್ ಹೊಡೆದು ಅಲ್ಲಿಗೆ ತಲುಪಿಸಿ, 45ನೇ ಓವರಿನ ಕೊನೆಯ ಚೆಂಡನ್ನು ಸುಮ್ಮನೆ ತಡೆದು ನಿಂತರು. ಆಟ ಮತ್ತೆ ಶುರುವಾಗಲಿಲ್ಲ. 229 ಪಾರ್ ಆಗಿತ್ತು, ಪಂದ್ಯ ಟೈ ಆಯಿತು, ಆತಿಥೇಯ ತಂಡ ಸೂಪರ್ ಸಿಕ್ಸ್ ಹಂತಕ್ಕೂ ಹೋಗದೆ ಹೊರಬಿತ್ತು.