ಹಳೇ ಸ್ವಿಫ್ಟ್ ನೋಡಲು ಗ್ಯಾರೇಜ್ ಗೆಳೆಯನನ್ನು ಕರೆಯಬೇಕು, ಮೆಸೇಜ್ ಏನಂತ ಹಾಕಲಿ?

ಲೋಕೇಶ್, ಹಾಸನ: ಅರಸೀಕೆರೆಯಲ್ಲಿ ಒಂದು 2015ರ ಸ್ವಿಫ್ಟ್ ವಿಡಿಐ ನೋಡಿದ್ದೇನೆ. ಎರಡನೇ ಓನರ್. ಮೀಟರ್‌ನಲ್ಲಿ 78 ಸಾವಿರ ಕಿಲೋಮೀಟರ್ ಇದೆ. ಹೈಸ್ಕೂಲ್ ಗೆಳೆಯನೊಬ್ಬ ಇಲ್ಲೇ ಗ್ಯಾರೇಜ್ ಇಟ್ಟಿದ್ದಾನೆ. "ಭಾನುವಾರ ಒಂದು ಗಾಡಿ ನೋಡ್ಬೇಕು, ಬಾ ಮಗಾ" ಅಂತ ಮೆಸೇಜ್ ಹಾಕಿದೆ. "ನೋಡೋಣ" ಅಂದ, ಅಷ್ಟೇ. ಅವನು ಬರುವ ಹಾಗೆ ಏನಂತ ಬರೆಯಲಿ? ದುಡ್ಡಿನ ಮಾತೆತ್ತಿದರೆ ಬೇಜಾರಾಗುತ್ತಾನಾ?

ಮಂಜಣ್ಣ, ಗ್ಯಾರೇಜ್, ಶಿವಮೊಗ್ಗ: ನನಗೂ ಇಂಥ ಮೆಸೇಜ್ ಬರುತ್ತಲೇ ಇರುತ್ತವೆ. ನಾನೂ "ನೋಡೋಣ" ಅಂತಲೇ ಹೇಳುತ್ತೇನೆ. ಯಾವ ಗಾಡಿ, ಎಲ್ಲಿದೆ, ಎಷ್ಟು ಹೊತ್ತು ಬೇಕು ಅಂತ ಗೊತ್ತಾಗದೆ ಭಾನುವಾರ ಯಾರು ಬಿಟ್ಟುಕೊಡುತ್ತಾರೆ? ಹೀಗೆ ಬರೆದು ನೋಡಿ:

"ಮಗಾ, 2015 ಸ್ವಿಫ್ಟ್ ವಿಡಿಐ, ಡೀಸೆಲ್, ಎರಡನೇ ಓನರ್, 78 ಸಾವಿರ ಓಡಿದೆ. ಗಾಡಿ ಅರಸೀಕೆರೆಯಲ್ಲಿ ಓನರ್ ಮನೆ ಹತ್ರ ಇದೆ. ಭಾನುವಾರ ಬೆಳಿಗ್ಗೆ 6ಕ್ಕೆ ನಿನ್ನ ಮನೆ ಹತ್ರ ಬರ್ತೀನಿ, 11ರೊಳಗೆ ವಾಪಸ್ ಬಿಡ್ತೀನಿ. ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಓನರ್‌ಗೆ ಹೇಳಿದ್ದೀನಿ. ಓಡಿಸಿ ನೋಡೋಕೆ, ಸ್ಕ್ಯಾನರ್ ಹಾಕೋಕೆ ಒಪ್ಪಿದ್ದಾರೆ. ಆರ್‌ಸಿ, ಸರ್ವಿಸ್ ಬಿಲ್ ಫೋಟೋ ಕಳಿಸ್ತಿದ್ದೀನಿ. ಇದು ನಿನ್ನ ಕೆಲಸದ ಟೈಮ್, ಎಷ್ಟು ಕೊಡ್ಲಿ ಹೇಳು. ಗಾಡಿ ಬೇಡ ಅಂದ್ರೂ ಕೊಡ್ತೀನಿ."

ಕೊನೆಯ ಮಾತು ಬಿಡಬೇಡಿ. ಗಾಡಿ ತಗೊಂಡರೆ ಮಾತ್ರ ಪಾರ್ಟಿ ಅಂದರೆ, ಬೇಡ ಅನ್ನಲು ಅವನಿಗೇ ಮುಜುಗರ. ಬೆಳಿಗ್ಗೆ ಬೇಗ ಹೋಗುವುದೂ ಅಷ್ಟೇ ಮುಖ್ಯ. ಡೀಸೆಲ್ ಗಾಡಿಯ ಎಷ್ಟೋ ರೋಗ ಕಾಣುವುದು ರಾತ್ರಿಯಿಡೀ ನಿಂತ ಇಂಜಿನ್‌ನಲ್ಲಿ.

ಹರೀಶ್: ಇಷ್ಟೆಲ್ಲ ಯಾಕೆ? ಒಂದು ಸ್ಕ್ಯಾನರ್ ಹಾಕಿದರೆ ಐದೇ ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಮೆಕ್ಯಾನಿಕ್ಕೇ ಬೇಡ.

ಮಂಜಣ್ಣ: ಸ್ಕ್ಯಾನರ್ ಹಾಕಲೇಬೇಕು, ಅದು ಸರಿ. ಆದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡನ್ನು ಹಿಂದಿನ ದಿನವೇ ಯಾರಾದರೂ ಅಳಿಸಿದ್ದರೆ? ತೊಂದರೆ ಮತ್ತೆ ಕಾಣಿಸಿಕೊಳ್ಳುವವರೆಗೂ ಅದು ಕ್ಲೀನ್ ಅಂತಲೇ ತೋರಿಸುತ್ತದೆ. ಸವೆದ ಪಿಸ್ಟನ್ ರಿಂಗ್, ಜಾರುವ ಕ್ಲಚ್, ಹೊಡೆಸಿಕೊಂಡ ಬಾಡಿ ಇವುಗಳಿಗೆ ಸಾಮಾನ್ಯವಾಗಿ ಕೋಡೇ ಬರುವುದಿಲ್ಲ.

ಲೋಕೇಶ್, ಗೆಳೆಯ ಏನು ನೋಡುತ್ತಾನೆ ಅಂತ ನಿಮಗೂ ಗೊತ್ತಿರಲಿ. ಹೋದ ತಕ್ಷಣ ಬಾನೆಟ್ ಎತ್ತಿಸಿ, ರೇಡಿಯೇಟರ್ ಪೈಪ್ ಮುಟ್ಟಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿದ್ದರೆ ಮಾತ್ರ ಕೂಲೆಂಟ್ ಮುಚ್ಚಳ ತೆಗೆಯಬಹುದು. ಒಳಗೆ ಎಣ್ಣೆ ಪಸೆ ತೇಲಬಾರದು.

ಆಮೇಲೆ ಕೀ ಆನ್ ಮಾಡಿ, ಮೀಟರ್‌ನಲ್ಲಿ ಸುರುಳಿ ಗುರುತಿನ ಹೀಟರ್ ಲೈಟ್ ಆರಿದ ಮೇಲೆ ಸ್ಟಾರ್ಟ್ ಮಾಡಬೇಕು. ಆಗ ನೀವು ಸೈಲೆನ್ಸರ್ ಹಿಂದೆ ನಿಂತಿರಿ, ಗೆಳೆಯ ಬಾನೆಟ್ ಹತ್ತಿರ ಇರಲಿ. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಬಂದು ಹೋದರೆ ಚಿಂತೆ ಇಲ್ಲ. ಬಿಳಿ ಹೊಗೆ ನಿಲ್ಲದೆ ಬಂದು, ಕಣ್ಣುರಿಯುವ ಹಸಿ ಡೀಸೆಲ್ ವಾಸನೆ ಹೊಡೆದರೆ ಇಂಜೆಕ್ಟರ್, ಹೀಟರ್ ಪ್ಲಗ್ ಅಥವಾ ಕಂಪ್ರೆಷನ್ ಕಡೆ ಅನುಮಾನ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಇದರಲ್ಲಿರುವುದು 1248 ಸಿಸಿ ಇಂಜಿನ್. ಟೈಮಿಂಗ್‌ಗೆ ಬೆಲ್ಟ್ ಇಲ್ಲ, ಚೈನ್ ಇದೆ. ಸ್ಟಾರ್ಟ್ ಆದಾಗ ಕ್ಷಣ ಹೊತ್ತು ಕರಕರ ಅಂದು ಆಯಿಲ್ ಏರಿದ ಮೇಲೆ ನಿಂತರೆ ಹೋಗಲಿ ಅನ್ನಬಹುದು. ನಿಲ್ಲದಿದ್ದರೆ ಚೈನ್, ಟೆನ್ಷನರ್ ಖರ್ಚು ಬರುತ್ತದೆ. ಬಿಸಿ ಇಂಜಿನ್‌ನಲ್ಲಿ ಈ ಹೊಗೆ, ಈ ಸದ್ದು ಎರಡೂ ಅಡಗಿಬಿಡಬಹುದು.

ಐಡ್ಲಿಂಗ್‌ನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅಲ್ಲೇ ತಲೆಕೆಳಗಾಗಿ ಇಡಬೇಕು. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ, ಡೀಸೆಲ್ ಅಲ್ವಾ. ಮುಚ್ಚಳ ಕುಣಿದು ಬಿದ್ದು, ಬುಸುಬುಸು ಅಂತ ಹೊಗೆ ತಳ್ಳಿದರೆ ಒಳಗೆ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಅಂಥ ಇಂಜಿನ್ ಬಿಚ್ಚಿ ಕೂರಿಸುವ ಖರ್ಚು ಕೇಳಿದರೆ ನೀವು ಆ ಗಾಡಿ ಆಸೆಯನ್ನೇ ಬಿಡುತ್ತೀರಿ. ಮೀಟರ್‌ನಲ್ಲಿ 78 ಸಾವಿರ ಇದ್ದು ಇಂಜಿನ್ ಹೀಗೆ ಉಸಿರಾಡಿದರೆ ನಾನು ಮೊದಲು ಮೀಟರನ್ನೇ ನಂಬುವುದಿಲ್ಲ. ಸರ್ವಿಸ್ ಬಿಲ್ ಕೇಳಿದ್ದು ಅದಕ್ಕೇ. ಪ್ರತಿ ಬಿಲ್‌ನಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತಾರೆ. ನಾಲ್ಕು ವರ್ಷದ ಹಿಂದೆ 70 ಸಾವಿರ ಇದ್ದದ್ದು ಇವತ್ತು 78 ಆಗಿದ್ದರೆ, ಅಷ್ಟು ಕಾಲ ಯಾಕೆ ಓಡಲಿಲ್ಲ ಅಂತ ಕೇಳಬೇಕು.

ಶೋಭಾ, ತುಮಕೂರು: ನಾನು ಗಾಡಿ ಮಾರಿದವಳು. ಕೊಳ್ಳುವವರು ಮೆಕ್ಯಾನಿಕ್ ಕರೆತರುವುದು ಬೆಲೆ ಇಳಿಸಲು ಅಂತಲೇ ನನಗನ್ನಿಸಿದ್ದು. ಬಂದವನು ನನ್ನ ಮುಂದೆಯೇ "ಇದು ಡಬ್ಬಾ ಗಾಡಿ" ಅಂದ. ನಾನು ಬಾನೆಟ್ ಮುಚ್ಚಿ ಕಳಿಸಿಬಿಟ್ಟೆ. ಮಾರುವವರನ್ನೆಲ್ಲ ಕಳ್ಳರು ಅಂದುಕೊಳ್ಳಬೇಡಿ.

ಮಂಜಣ್ಣ: ಅಕ್ಕಾ, ಲೋಕೇಶ್ ಕೇಳಿದ್ದು ಬೇರೆ. ಆದರೂ ನೀವು ಹೇಳಿದ್ದು ಅವರ ಮೆಸೇಜ್‌ಗೆ ಬೇಕು. "ಏನೇ ಕಂಡರೂ ಅಲ್ಲಿ ಹೇಳ್ಬೇಡ, ವಾಪಸ್ ಬರ್ತಾ ಕಾರಲ್ಲಿ ಹೇಳು" ಅಂತ ಒಂದು ಸಾಲು ಸೇರಿಸಿ. ರೇಟ್ ಮಾತು ಮೆಕ್ಯಾನಿಕ್ ಬಾಯಲ್ಲಿ ಬರಬಾರದು, ಅದು ನಿಮ್ಮ ಕೆಲಸ.

ರವಿ: ಸಣ್ಣ ಊರಲ್ಲಿ ಮೆಕ್ಯಾನಿಕ್‌ಗೂ ಬ್ರೋಕರ್‌ಗೂ ಪರಿಚಯ ಇರುತ್ತದೆ. ಗಾಡಿ ದಾಟಿಸಿದರೆ ಅವನಿಗೂ ಕಮಿಷನ್. ಗೆಳೆಯನೇ ಆದರೂ ಕೇಳಿಬಿಡಿ.

ಮಂಜಣ್ಣ: ಕಮಿಷನ್ ಇಲ್ಲ ಅಂತ ನಾನು ಹೇಳಲಾರೆ. ಓನರ್ ಪರಿಚಯ ಇದ್ದಾನಾ ಅಂತ ಕೇಳಿದರೆ ತಪ್ಪಿಲ್ಲ. ಪೇಪರ್ ಮಾತ್ರ ಅವನ ತಲೆಗೆ ಕಟ್ಟಬೇಡಿ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇದ್ದರೆ ಸಾಲ ತೀರಿದ ಎನ್‌ಒಸಿ, ಫಾರಂ 35 ನೀವೇ ಕೇಳಿ.

ಸುಮಾ: ಗೆಳೆಯನಿಗೆ ದುಡ್ಡು ಕೊಡುವುದಾ? ನಮ್ಮ ಕಡೆ ಅದು ಅವಮಾನ. ದಾರಿಯಲ್ಲಿ ಒಳ್ಳೆ ತಿಂಡಿ ಕೊಡಿಸಿ ಸಾಕು.

ಮಂಜಣ್ಣ: ತಿಂಡಿಯನ್ನೂ ಕೊಡಿಸಲಿ! ಅವನು ಬಾಗಿಲು ಹಾಕಿ ಬರುವ ಗ್ಯಾರೇಜ್‌ಗೆ ಬಾಡಿಗೆ ಇದೆ. ನಾನಾದರೆ ಕೇಳಿಯೇ ತಗೊಳ್ಳುತ್ತೇನೆ. ಬೇರೆಯವರ ಮನಸ್ಸು ನನಗೆ ಗೊತ್ತಿಲ್ಲ.

ಲೋಕೇಶ್: ಮೆಸೇಜ್ ಹಾಕಿದೆ. ಕೂಡಲೇ ಫೋನ್ ಮಾಡಿದ. ದುಡ್ಡಿನ ಸಾಲಿಗೆ ಬೈದ, ಎಷ್ಟು ಅಂತ ಹೇಳಲಿಲ್ಲ. ಆದರೆ ಬೆಳಿಗ್ಗೆ ಒಂದು ಡೆಲಿವರಿ ಇದೆಯಂತೆ, 10ಕ್ಕೆ ಹೊರಡೋಣ ಅಂದ. ಓನರ್ ಭಾನುವಾರ 7ಕ್ಕೆ ಮಾರ್ಕೆಟ್‌ಗೆ ಗಾಡಿ ತಗೊಂಡು ಹೋಗಿ ಬರುತ್ತಾರಂತೆ. 11ರ ಹೊತ್ತಿಗೆ ತಣ್ಣಗಾಗಿರುತ್ತದಲ್ವಾ?

ಮಂಜಣ್ಣ: ಆಗಿರುವುದಿಲ್ಲ. ಮೇಲೆ ಮುಟ್ಟಿದರೆ ತಣ್ಣಗೆ ಅನ್ನಿಸಬಹುದು, ಬ್ಲಾಕ್ ಒಳಗೆ ಬಿಸಿ ಉಳಿದಿರುತ್ತದೆ, ಸ್ಟಾರ್ಟ್ ಸುಲಭವಾಗಿಬಿಡುತ್ತದೆ. ಆ ಒಂದು ದಿನ ಬೈಕಲ್ಲಿ ಮಾರ್ಕೆಟ್‌ಗೆ ಹೋಗಿ ಅಂತ ಓನರ್‌ಗೆ ಕೇಳಿ. ಒಪ್ಪದಿದ್ದರೆ ದಿನ ಬದಲಿಸಿ.